ಬೀಜ ಎತ್ತಿಡುವುದೋ, ಪ್ಯಾಕೆಟ್ ತರುವುದೋ: ಎರಡು ಎಕರೆಯ ರೈತರಿಗೆ ಬೆಳೆವಾರು ಲೆಕ್ಕ

ಹೈಬ್ರಿಡ್ ಒಳ್ಳೆಯದೋ, ನಾಟಿ ಬೀಜ ಒಳ್ಳೆಯದೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಬೆಳೆಗೆ ಅಂತ ಕೇಳಿದರೆ ಸಿಗುತ್ತದೆ. ಒಂದೇ ಹೊಲದಲ್ಲಿ ರಾಗಿಗೆ ಒಂದು ಉತ್ತರ, ಟೊಮೆಟೊಗೆ ಇನ್ನೊಂದು, ಮುಸುಕಿನ ಜೋಳಕ್ಕೆ ಮತ್ತೊಂದು. ಅದಕ್ಕೇ ಇಲ್ಲಿ ಒಂದು ಹೊಲವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕೋಲಾರ ಸೀಮೆಯ ಎರಡು ಎಕರೆ ಅಂದುಕೊಳ್ಳಿ. ಒಂದು ಎಕರೆ ಮಳೆಯಾಶ್ರಿತ ರಾಗಿ, ನಡುವೆ ಅವರೆಯ ಅಕ್ಕಡಿ ಸಾಲು. ಬೋರ್‌ವೆಲ್ ನೀರು ಬರುವ ಅರ್ಧ ಎಕರೆಯಲ್ಲಿ ಟೊಮೆಟೊ. ಉಳಿದ ಅರ್ಧ ಎಕರೆ ಮುಸುಕಿನ ಜೋಳ. ಬದುವಿನ ಮೇಲೆ ಕುಂಬಳ, ಬದನೆ, ಒಂದಷ್ಟು ಮೆಣಸಿನಕಾಯಿ ಗಿಡ. ಯಾವುದರ ಬೀಜ ಎತ್ತಿಡಬೇಕು, ಯಾವುದನ್ನು ಕೊಳ್ಳಬೇಕು?

ಮೊದಲು ಹೆಸರಿನ ಗೊಂದಲ ಬಿಡಿಸೋಣ

ನಮ್ಮ ಕಡೆ ಅಂಗಡಿಯಿಂದ ತಂದ ಬೀಜಕ್ಕೆಲ್ಲ ಹೈಬ್ರಿಡ್ ಅನ್ನುವ ರೂಢಿ ಇದೆ. ಅದು ಸರಿಯಲ್ಲ. ಈ ತಪ್ಪಿನಿಂದಲೇ ಎಷ್ಟೋ ಜನ ಎತ್ತಿಡಬಹುದಾದ ಬೀಜವನ್ನೂ ಪ್ರತಿ ವರ್ಷ ಕೊಳ್ಳುತ್ತಾರೆ.

ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆಯನ್ನೇ ಬಿತ್ತನೆಗೆ ಮಾರಿದರೆ ಅದು ಹೈಬ್ರಿಡ್. ಪ್ಯಾಕೆಟ್ ಮೇಲೆ ಎಫ್1 ಅಂತ ಬರೆದಿರುತ್ತದೆ. ಕೂಡಿಸಿದ ಮೇಲೆ ಆರೇಳು ಪೀಳಿಗೆ ಬೆಳೆದು, ಆರಿಸಿ, ಎಲ್ಲ ಗಿಡವೂ ಒಂದೇ ಥರ ಬರುವ ಹಾಗೆ ನಿಲ್ಲಿಸಿದ್ದರೆ ಅದು ತಳಿ. ಅಂಗಡಿಯವರು ವೆರೈಟಿ ಅನ್ನುವುದು ಇದನ್ನೇ. ಮುಕ್ತ ಪರಾಗಸ್ಪರ್ಶದ ಬೀಜ ಅನ್ನುವ ಪಟ್ಟಿಯಲ್ಲಿ ನಾಟಿ ಬೀಜದ ಜೊತೆ ಈ ಸುಧಾರಿತ ತಳಿಗಳೂ ಸೇರುತ್ತವೆ. ಜವಾರಿ ಬೀಜ ಮಾತ್ರ ಎತ್ತಿಡಬಹುದು, ವಿಶ್ವವಿದ್ಯಾಲಯದ ಬೀಜ ಆಗಲ್ಲ ಅನ್ನುವುದು ಸುಳ್ಳು.

ಇಂಡಾಫ್ ರಾಗಿಯನ್ನೇ ನೋಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ತಳಿಗಳು ಅವು. ಹಳ್ಳಿಗಳಲ್ಲಿ ಅದನ್ನು ಹೈಬ್ರಿಡ್ ರಾಗಿ ಅಂದೇ ಕರೆದರು. ಆದರೆ ಅದು ನಿಂತ ತಳಿ. ಇವತ್ತು ಹೆಚ್ಚು ಬೆಳೆಯುವ ಜಿಪಿಯು-28 ಕೂಡ ಇಂಡಾಫ್ ವಂಶದ್ದೇ. ಇದರ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ವರ್ಷವೂ ಜಿಪಿಯು-28ನೇ ಬರುತ್ತದೆ.

ಇನ್ನೊಂದು ಸುಳ್ಳು ಸುದ್ದಿ ಬಹಳ ಓಡಾಡುತ್ತದೆ. ಹೈಬ್ರಿಡ್ ಹಣ್ಣಿನ ಬೀಜ ಮೊಳೆಯುವುದೇ ಇಲ್ಲ ಅಂತ. ಟೊಮೆಟೊ, ಮುಸುಕಿನ ಜೋಳದಲ್ಲಿ ಅದು ಚೆನ್ನಾಗಿಯೇ ಮೊಳೆಯುತ್ತದೆ. ತೊಂದರೆ ಬರುವುದು ಆಮೇಲೆ. ಗಿಡಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಮೊಳಕೆ ಬಂತಲ್ಲ ಅಂತ ನಂಬಿ ನಾಟಿ ಮಾಡಿದವರಿಗೆ ಇದು ಗೊತ್ತಾಗುವುದು ಹೂವು, ಕಾಯಿ ಬಿಡುವಾಗ. ಅಷ್ಟೊತ್ತಿಗೆ ಗೊಬ್ಬರ, ಕೂಲಿ ಎಲ್ಲ ಹಾಕಿ ಆಗಿರುತ್ತದೆ.

ರಾಗಿ: ಕೊಳ್ಳುವ ಅಗತ್ಯವೇ ಇಲ್ಲ, ಆದರೆ ಆರಿಸಬೇಕು

ರಾಗಿ ಹೂವು ಬಹಳ ಸಣ್ಣದು. ಅರಳುವಷ್ಟರಲ್ಲಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟಲು ಶುರು ಮಾಡಿರುತ್ತದೆ. ಪಕ್ಕದ ಹೊಲದ ಪರಾಗ ಬಂದು ಕೆಡಿಸುವುದು ತೀರಾ ಕಡಿಮೆ. ಬೀಜೋತ್ಪಾದನೆ ಮಾಡುವವರಿಗೂ ಬೇರೆ ರಾಗಿಯಿಂದ 3 ಮೀಟರ್ ದೂರ ಬಿಟ್ಟರೆ ಸಾಕು ಅಂತ ನಿಯಮ. ಇಷ್ಟು ಸಣ್ಣ ಹೂವನ್ನು ಕೈಯಲ್ಲಿ ಕೂಡಿಸಿ ಎಕರೆಗಟ್ಟಲೆಗೆ ಬೀಜ ಮಾಡಲು ಆಗುವುದಿಲ್ಲ. ಅದಕ್ಕೇ ರಾಗಿಯಲ್ಲಿ ಅಂಗಡಿಯಲ್ಲಿ ಸಿಗುವುದೆಲ್ಲ ತಳಿಯೇ.

ಖರ್ಚು ನೋಡಿ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕೆಜಿ ಬೀಜ ಬೇಕು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಮನೆಯ 5 ಕೆಜಿ ಬಿತ್ತನೆಗೆ ಹೋದದ್ದು ಸುಮಾರು 215 ರೂಪಾಯಿಯ ರಾಗಿ. ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣಿತ ಬೀಜವೂ ರಿಯಾಯಿತಿಯಲ್ಲಿ ಸಿಗುತ್ತದೆ. ಹಾಗಾಗಿ ಇಲ್ಲಿ ಉಳಿಯುವ ದುಡ್ಡು ದೊಡ್ಡದೇನಲ್ಲ. ಮಳೆ ಬಿದ್ದ ದಿನ ಬೀಜ ಮನೆಯಲ್ಲೇ ಇರುತ್ತದೆ, ಅದೂ ನಿಮ್ಮ ಹೊಲಕ್ಕೆ ಒಗ್ಗಿದ ತಳಿ. ಲಾಭ ಇರುವುದು ಅಲ್ಲಿ.

ಹಾಗಾದರೆ ಎತ್ತಿಟ್ಟ ರಾಗಿ ನಾಲ್ಕೈದು ವರ್ಷಕ್ಕೆ ಸೊರಗುತ್ತದೆ ಅಂತಾರಲ್ಲ? ಅದಕ್ಕೆ ಕಾರಣ ಬೆರಕೆ. ಕಟಾವಿನ ಯಂತ್ರ ಇನ್ನೊಬ್ಬರ ಹೊಲದಿಂದ ನೇರವಾಗಿ ನಿಮ್ಮ ಹೊಲಕ್ಕೆ ಇಳಿಯುತ್ತದೆ. ಅದರ ಹೊಟ್ಟೆಯಲ್ಲಿ ಅವರ ರಾಗಿ ಉಳಿದಿರುತ್ತದೆ. ಕಣದಲ್ಲಿ, ಚೀಲದಲ್ಲಿ ಇನ್ನಷ್ಟು ಸೇರುತ್ತದೆ. ಜೊತೆಗೆ ಬೆಂಕಿ ರೋಗ ಬಿದ್ದ ತೆನೆಯ ಕಾಳೂ ಅದೇ ರಾಶಿಯಲ್ಲಿ ಇರುತ್ತದೆ. ಆ ರೋಗ ಬೀಜದ ಜೊತೆಗೇ ಮುಂದಿನ ವರ್ಷಕ್ಕೆ ಬರುತ್ತದೆ. ರಾಶಿಯಿಂದ ಐದು ಕೆಜಿ ಅಳೆದು ಇಟ್ಟುಕೊಂಡರೆ ಇದೆಲ್ಲವನ್ನೂ ಇಟ್ಟುಕೊಂಡ ಹಾಗೆ.

ಆದ್ದರಿಂದ ರಾಶಿಯಿಂದ ಬೀಜ ತೆಗೆಯಬೇಡಿ. ನಿಂತ ಬೆಳೆಯಲ್ಲೇ ತೆನೆ ಆರಿಸಿ. ಒಂದು ತೆನೆಯಲ್ಲಿ ಸುಮಾರು 5 ಗ್ರಾಂ ಕಾಳು ಅಂತ ಹಿಡಿದರೆ 5 ಕೆಜಿಗೆ ಸಾವಿರ ತೆನೆ ಬೇಕು. ಅಷ್ಟನ್ನು ಒಂದೊಂದಾಗಿ ನೋಡಿ ಆರಿಸುವ ತಾಳ್ಮೆ ಯಾರಿಗಿದೆ? ಅದಕ್ಕೆ ಎರಡು ವರ್ಷದ ದಾರಿ ಇದೆ, ಅದು ಸುಲಭ.

ಮೊದಲ ವರ್ಷ ನೂರು ತೆನೆ ಮಾತ್ರ ಆರಿಸಿ. ಬದುವಿನ ಪಕ್ಕದ ಗಿಡ ಬೇಡ, ಅಲ್ಲಿ ಜಾಗ ಜಾಸ್ತಿ ಸಿಕ್ಕಿ ತೆನೆ ಸುಮ್ನೆ ದಪ್ಪ ಆಗಿರುತ್ತದೆ. ಹೊಲದ ನಡುವೆ, ನಾಲ್ಕು ಕಡೆ ಗಿಡ ಇದ್ದೂ ಚೆನ್ನಾಗಿ ಬಂದಿರುವ ಗಿಡ ನೋಡಿ. ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ಅದು ಬೆಂಕಿ ರೋಗ, ಮುಟ್ಟಬೇಡಿ. ನಿಮ್ಮ ತಳಿ ಹಸಿರು ಗಿಣ್ಣಿನದಾದರೆ ನೇರಳೆ ಗಿಣ್ಣಿನ ಗಿಡ ಬೆರಕೆ ಅಂತ ಗೊತ್ತು ಮಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲೇ ತೆನೆ ಹೊರಟ ಗಿಡ, ಎಲ್ಲಕ್ಕಿಂತ ಎತ್ತರದ ಗಿಡ ಎಷ್ಟೇ ಚೆಂದ ಕಂಡರೂ ಬಿಡಿ. ಅವೂ ಬಹುಪಾಲು ಬೇರೆ ತಳಿಯವೇ. ಈ ನೂರು ತೆನೆಯನ್ನು ಬೇರೆಯಾಗಿ ಒಣಗಿಸಿ, ಕೈಯಲ್ಲೇ ಬಡಿದು, ಕೇರಿ ಇಟ್ಟರೆ ಅರ್ಧ ಕೆಜಿ ಬೀಜ.

ಎರಡನೆಯ ವರ್ಷ ಆ ಅರ್ಧ ಕೆಜಿಯನ್ನು ನಾಲ್ಕು ಗುಂಟೆಯಲ್ಲಿ ಬೇರೆಯಾಗಿ ಬಿತ್ತಿ. ತೆನೆ ಹೊರಡುವಾಗ ಒಂದು ಸಲ, ಮಾಗುವಾಗ ಒಂದು ಸಲ ಒಳಗೆ ನಡೆದು ಬೆರಕೆ ಗಿಡ ಕೀಳಿ. ಎಕರೆಗೆ 8 ಕ್ವಿಂಟಾಲ್ ಬರುವ ಹೊಲವಾದರೆ ನಾಲ್ಕು ಗುಂಟೆಯಲ್ಲಿ 80 ಕೆಜಿ ಬರುತ್ತದೆ. ಅಂದರೆ 16 ಎಕರೆಗೆ ಆಗುವಷ್ಟು ಶುದ್ಧ ಬೀಜ. ನಿಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಡಬಹುದು. ಈ ನಾಲ್ಕು ಗುಂಟೆಯ ರಾಗಿಯನ್ನು ಮಾತ್ರ ಯಂತ್ರಕ್ಕೆ ಕೊಡಬೇಡಿ. ಇಷ್ಟು ಮಾಡಲು ಆಗುವುದಿಲ್ಲ ಅನ್ನುವವರು ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಪ್ರಮಾಣಿತ ಬೀಜ ತಂದು ಮತ್ತೆ ಅದರಿಂದ ಮುಂದುವರಿಸಲಿ.

ಅವರೆಗೂ ಹೆಚ್ಚು ಕಡಿಮೆ ಇದೇ ಮಾತು. ಹೂವು ಬಹುಪಾಲು ತನ್ನ ಪರಾಗವನ್ನೇ ತೆಗೆದುಕೊಳ್ಳುತ್ತದೆ, ಜೇನ್ನೊಣದಿಂದ ಸ್ವಲ್ಪ ಬೆರೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತದೆ. ಅಕ್ಕಡಿ ಸಾಲಿನ ನಾಟಿ ಅವರೆ ಚಳಿಗಾಲದ ಸಣ್ಣ ಹಗಲು ಬಂದಾಗಲೇ ಬಿಡುವುದು. ಸೊಗಡು ಇರುವುದು ಆ ನಾಟಿಯಲ್ಲಿ, ಸೀಸನ್‌ನಲ್ಲಿ ಜನ ಮೂಸಿ ನೋಡಿ ಕೊಳ್ಳುವುದೂ ಅದನ್ನೇ. ಎರಡೂ ಹತ್ತಿರ ಬೇಡ. ಬೀಜಕ್ಕೆ ಬಿಡುವ ಗಿಡಗಳನ್ನು ಹೂ ಬಿಟ್ಟಾಗಲೇ ಗುರುತು ಮಾಡಿ, ಅವುಗಳಿಂದ ಹಸಿಕಾಯಿ ಕೀಳಬೇಡಿ. ಕೊನೆಯಲ್ಲಿ ಉಳಿದ ಕಾಯಿಯನ್ನು ಬೀಜಕ್ಕೆ ಬಿಡುವ ಅಭ್ಯಾಸ ತಪ್ಪು. ಹಾಗೆ ಮಾಡಿದರೆ ನೀವು ತಡವಾಗಿ ಕಾಯಿ ಬಿಡುವ ಗಿಡವನ್ನೇ ವರ್ಷ ವರ್ಷ ಆರಿಸುತ್ತಾ ಹೋದಂತೆ.

ಟೊಮೆಟೊ: ಮಾರ್ಕೆಟ್‌ಗೆ ಹೈಬ್ರಿಡ್, ಮನೆಗೆ ತಳಿ

ಟೊಮೆಟೊ ಕೂಡ ತನ್ನ ಪರಾಗಕ್ಕೇ ಕಾಯಿ ಕಟ್ಟುವ ಗಿಡ. ಆ ಲೆಕ್ಕದಲ್ಲಿ ಬೀಜ ಎತ್ತಿಡಲು ಬಹಳ ಸುಲಭ. ಆದರೂ ಕೋಲಾರದ ಎಪಿಎಂಸಿಗೆ ಬಾಕ್ಸ್ ತುಂಬುವ ರೈತರಿಗೆ ನಾನು ಹೈಬ್ರಿಡ್ ಕೊಳ್ಳಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಅರ್ಧ ಎಕರೆಗೆ 4,500 ಸಸಿ. ನರ್ಸರಿಯಲ್ಲಿ ಸಸಿಗೆ 1 ರೂಪಾಯಿ ಅಂತ ಹಿಡಿಯೋಣ, 4,500 ರೂಪಾಯಿ ಆಯಿತು. ಹೋದ ಬೆಳೆಯ ಹಣ್ಣಿನಿಂದಲೇ ಬೀಜ ತೆಗೆದು ಸಸಿ ಮಾಡಿಕೊಂಡರೆ ಈ ದುಡ್ಡು ಉಳಿಯುತ್ತದೆ. ಅದೂ ಪೂರ್ತಿ ಉಳಿಯುವುದಿಲ್ಲ, ಸಸಿ ಬೆಳೆಸುವ ಖರ್ಚು ಇದ್ದೇ ಇರುತ್ತದೆ.

ಈಗ ಆ ಹೈಬ್ರಿಡ್‌ಗೆ ಎಲೆ ಮುದುಡು ರೋಗ ತಡೆಯುವ ಶಕ್ತಿ ಇದೆ ಅಂದುಕೊಳ್ಳಿ. ಆ ಶಕ್ತಿ ಒಂದೇ ಜೀನ್‌ನಿಂದ ಬರುವಂಥದ್ದು, ಅದೂ ತಂದೆ ತಾಯಿಯಲ್ಲಿ ಒಂದು ಕಡೆಯಿಂದ ಮಾತ್ರ ಬಂದಿದೆ. ಎಫ್1 ಗಿಡಗಳಿಗೆಲ್ಲ ರಕ್ಷಣೆ ಇರುತ್ತದೆ. ಅದರ ಹಣ್ಣಿನ ಬೀಜ ಹಾಕಿದಾಗ ನಾಲ್ಕು ಗಿಡದಲ್ಲಿ ಒಂದಕ್ಕೆ ಆ ಜೀನ್ ಹೋಗುವುದೇ ಇಲ್ಲ. 4,500ರಲ್ಲಿ ಕಾಲು ಭಾಗ ಅಂದರೆ 1,125 ಗಿಡ. ಈ ರೋಗ ಹರಡುವ ಬಿಳಿ ನೊಣ ಎದ್ದ ಬೇಸಿಗೆಯಲ್ಲಿ ಈ 1,125 ಗಿಡಗಳು ಎಳೆಯದರಲ್ಲೇ ಮುದುಡಿ ನಿಲ್ಲುತ್ತವೆ. ಗಿಡಕ್ಕೆ 3 ಕೆಜಿ ಹಣ್ಣು ಬರಬೇಕಿತ್ತು ಅಂದರೆ 3,375 ಕೆಜಿ ಹೋಯಿತು. 15 ಕೆಜಿ ಬಾಕ್ಸ್‌ನಲ್ಲಿ 225 ಬಾಕ್ಸ್. ಬಾಕ್ಸ್‌ಗೆ 150 ರೂಪಾಯಿ ಸಿಕ್ಕರೂ 33,750 ರೂಪಾಯಿ. ಉಳಿಸಿದ್ದು 4,500ಕ್ಕೂ ಕಡಿಮೆ.

ಎರಡು ರೋಗಕ್ಕೆ ಎರಡು ಬೇರೆ ಜೀನ್ ಇದ್ದರೆ ಎರಡೂ ರಕ್ಷಣೆ ಇರುವ ಗಿಡ ಹದಿನಾರಕ್ಕೆ ಒಂಬತ್ತು ಮಾತ್ರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುಡು, ಸೊರಗು ರೋಗ, ಎಲೆ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ಎಫ್1 ಹೈಬ್ರಿಡ್. ಮೂರೂ ಗುಣ ಒಟ್ಟಿಗೆ ಇರುವುದಕ್ಕೇ ಅದಕ್ಕೆ ಬೆಲೆ. ಮುಂದಿನ ಪೀಳಿಗೆಯಲ್ಲಿ ಮೊದಲು ಬಿಟ್ಟುಹೋಗುವುದು ಈ ಜೊತೆಗಾರಿಕೆಯೇ. ರೋಗವೇ ಬರಲಿಲ್ಲ ಅಂತ ಇಟ್ಟುಕೊಂಡರೂ ಹಣ್ಣಿನ ಗಾತ್ರ, ಸಿಪ್ಪೆಯ ದಪ್ಪ, ಮಾಗುವ ಕಾಲ ಗಿಡಕ್ಕೊಂದು ಥರ ಆಗುತ್ತದೆ. ದೂರದ ಊರಿಗೆ ಲೋಡ್ ಮಾಡುವ ವ್ಯಾಪಾರಿ ಇಂಥ ಮಾಲನ್ನು ಬೇರೆ ಮಾಡಿ ಕಡಿಮೆ ರೇಟು ಹಾಕುತ್ತಾನೆ.

ಹೈಬ್ರಿಡ್ ಬೀಜಕ್ಕೆ ಅಷ್ಟು ಬೆಲೆ ಯಾಕೆ ಅಂತ ಕೇಳುವವರು ಒಮ್ಮೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆ ಹೋಗಿ ನೋಡಬೇಕು. ಕಂಪನಿಗಳಿಗೆ ತರಕಾರಿ ಹೈಬ್ರಿಡ್ ಬೀಜ ಮಾಡಿಕೊಡುವ ರೈತರು ಅಲ್ಲಿ ತುಂಬಾ ಇದ್ದಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಹಿಡಿದು, ಚಿಮುಟದಿಂದ ಒಳಗಿನ ಹಳದಿ ಕೇಸರವನ್ನು ತೆಗೆದುಹಾಕುತ್ತಾರೆ. ಮಾರನೆಯ ದಿನ ಬೆಳಗ್ಗೆ ಗಂಡು ಸಾಲಿನ ಗಿಡದಿಂದ ತಂದ ಪರಾಗವನ್ನು ಆ ಹೂವಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಹಸಿರು ಎಸಳಿನಲ್ಲಿ ಒಂದೆರಡನ್ನು ಕತ್ತರಿಸುತ್ತಾರೆ. ಕೊಯ್ಯುವಾಗ ಎಸಳು ಕತ್ತರಿಸಿದ ಹಣ್ಣನ್ನಷ್ಟೇ ಬೀಜಕ್ಕೆ ತೆಗೆದುಕೊಳ್ಳುವುದು. ಒಂದೊಂದು ಹೂವಿಗೂ ಎರಡು ಸಲ ಕೈ ಮುಟ್ಟಿರುತ್ತದೆ, ಹೆಚ್ಚಿನ ಕಡೆ ಅದು ಹೆಣ್ಣುಮಕ್ಕಳ ಕೈ. ಆ ದುಡಿಮೆಗೆ ಸಿಗುವ ಪಾಲು ಸಾಕಷ್ಟಿದೆಯೇ ಅನ್ನುವುದು ಬೇರೆ ಪ್ರಶ್ನೆ, ಅದನ್ನು ನಾವು ಕೇಳಲೇಬೇಕು. ಆದರೆ ಬೀಜ ದುಬಾರಿ ಆಗಲು ಇದೂ ಒಂದು ಕಾರಣ.

ಹೈಬ್ರಿಡ್ ಬೀಜವನ್ನೇ ಎತ್ತಿಟ್ಟು ಸ್ವಂತ ತಳಿ ಮಾಡಿಕೊಳ್ಳಬಹುದಲ್ವಾ? ಆಗುತ್ತದೆ. ಪ್ರತಿ ಪೀಳಿಗೆಗೆ ಒಳಗಿನ ಬೆರಕೆ ಅರ್ಧರ್ಧ ಕಡಿಮೆ ಆಗುತ್ತಾ ಹೋಗುತ್ತದೆ. ಎಫ್1ರ ಬೀಜದಿಂದ ಬರುವ ಎಫ್2ನಲ್ಲಿ ನೂರಕ್ಕೆ 50 ಪಾಲು, ಆಮೇಲೆ 25, ಆಮೇಲೆ 12. ಏಳನೆಯ ಪೀಳಿಗೆಗೆ ನೂರಕ್ಕೆ ಎರಡಕ್ಕಿಂತ ಕೆಳಗೆ ಬರುತ್ತದೆ. ಪ್ರತಿ ಸಲ ನೂರಿನ್ನೂರು ಗಿಡ ಬೆಳೆದು, ಒಳ್ಳೆಯ ಗಿಡಗಳ ಬೀಜವನ್ನು ಗಿಡಕ್ಕೊಂದು ಪೊಟ್ಟಣ ಮಾಡಿ ಇಡಬೇಕು. ಆಸಕ್ತಿ ಇರುವವರು ಹೊಲದ ಮೂಲೆಯಲ್ಲಿ ಮಾಡಲಿ. ಸಾಲ ಮಾಡಿ ಕಡ್ಡಿ ಕಟ್ಟಿದ ಅರ್ಧ ಎಕರೆಯಲ್ಲಿ ಬೇಡ.

ಮನೆ ಬಳಕೆಗೆ, ವಾರದ ಸಂತೆಗೆ ಆದರೆ ಅರ್ಕಾ ವಿಕಾಸ್ ಥರದ ತಳಿಯನ್ನೋ, ಊರಿನ ಹುಳಿ ನಾಟಿಯನ್ನೋ ಇಟ್ಟುಕೊಳ್ಳಿ. ಬೀಜ ತೆಗೆಯುವುದು ಹೀಗೆ. ರೋಗ ಇಲ್ಲದ ಹತ್ತು ಹದಿನೈದು ಗಿಡಗಳಲ್ಲಿ ಎರಡು ಮೂರನೆಯ ಗೊಂಚಲಿನ ಹಣ್ಣು ಪೂರ್ತಿ ಕೆಂಪಾಗಲು ಬಿಡಿ. ಹಣ್ಣು ಹಿಂಡಿ ಬೀಜದ ಲೋಳೆಯನ್ನು ನೀರು ಬೆರೆಸದೆ ಒಂದು ಪಾತ್ರೆಯಲ್ಲಿ ಒಂದು ದಿನದಿಂದ ಎರಡು ದಿನ ಹುಳಿಯಲು ಬಿಡಿ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ. ಬೀಜವನ್ನು ಬೆರಳಲ್ಲಿ ಉಜ್ಜಿದಾಗ ಜಾರದೆ ತರಿತರಿ ಅನ್ನಿಸಿದರೆ ಆಯಿತು. ಅದಕ್ಕಿಂತ ಜಾಸ್ತಿ ಬಿಟ್ಟರೆ ಬೀಜ ಪಾತ್ರೆಯಲ್ಲೇ ಮೊಳೆಯಲು ಶುರುವಾಗುತ್ತದೆ. ನೀರು ಹಾಕಿ ಕಲಕಿ, ತೇಲಿದ್ದನ್ನು ಚೆಲ್ಲಿ, ತಳಕ್ಕೆ ಕೂತ ಬೀಜವನ್ನು ನಾಲ್ಕು ಸಲ ತೊಳೆಯಿರಿ. ಬಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಬಿಡುತ್ತದೆ.

ಮುಸುಕಿನ ಜೋಳ: ಎತ್ತಿಟ್ಟರೆ ನಷ್ಟ ಖಚಿತ

ಇದು ರಾಗಿಗೆ ಪೂರಾ ಉಲ್ಟಾ. ಗಂಡು ಹೂವು ತುದಿಯ ಸೂಲಂಗಿಯಲ್ಲಿ, ಹೆಣ್ಣು ತೆನೆ ನಡುವಿನಲ್ಲಿ. ಪರಾಗ ಗಾಳಿಯಲ್ಲಿ ಹಾರುತ್ತದೆ. ತೆನೆಯ ಒಂದೊಂದು ಕಾಳಿಗೂ ತಂದೆ ಬೇರೆ ಇರಬಹುದು. ತಳಿ ಜೋಳದ ಪ್ರಮಾಣಿತ ಬೀಜ ಮಾಡಲು ಸುತ್ತ 200 ಮೀಟರ್ ಬೇರೆ ಜೋಳ ಇರಬಾರದು. ಅರ್ಧ ಎಕರೆಯ ರೈತರಿಗೆ ಅದು ಸಿಗುವುದು ಎಲ್ಲಿ?

ಹೈಬ್ರಿಡ್ ಜೋಳದ ಇಳುವರಿಯ ಗುಟ್ಟು ಅದರ ತಂದೆ ತಾಯಿಯಲ್ಲಿದೆ. ಅವೆರಡೂ ತಮ್ಮ ಪರಾಗಕ್ಕೇ ಪೀಳಿಗೆಗಟ್ಟಲೆ ಕಾಳು ಕಟ್ಟಿಸಿ ಸೊರಗಿದ ವಂಶದ ಸಾಲುಗಳು. ಕೂಡಿಸಿದಾಗ ಹುಟ್ಟುವ ಮಗು ಮಾತ್ರ ಭಾರೀ ಕಸುವಿನದು. ಆ ಕಸುವು ಮುಂದಿನ ಪೀಳಿಗೆಗೆ ಸರಿಯಾಗಿ ಅರ್ಧ ಇಳಿಯುತ್ತದೆ. ಎಕರೆ ಲೆಕ್ಕದಲ್ಲಿ ಹೇಳುವುದಾದರೆ, ಹೈಬ್ರಿಡ್ 25 ಕ್ವಿಂಟಾಲ್ ಕೊಡುತ್ತದೆ, ತಂದೆ ತಾಯಿ ಸಾಲುಗಳು ಸರಾಸರಿ 10 ಕೊಡುತ್ತವೆ ಅಂದುಕೊಳ್ಳಿ. ನಡುವಿನ ಅಂತರ 15. ಅದರಲ್ಲಿ ಅರ್ಧ ಹೋದರೆ ಎತ್ತಿಟ್ಟ ಬೀಜದಿಂದ 17.5 ಕ್ವಿಂಟಾಲ್ ಬರುತ್ತದೆ. ಕ್ವಿಂಟಾಲಿಗೆ 2,000 ರೂಪಾಯಿ ಹಿಡಿದರೆ 15,000 ನಷ್ಟ. ಎಕರೆಗೆ 8 ಕೆಜಿ ಬೀಜಕ್ಕೆ ಕೆಜಿಗೆ 300 ರೂಪಾಯಿಯಂತೆ ಉಳಿದದ್ದು 2,400.

ಹೊಲದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಗಿಡ ಆಳೆತ್ತರ, ಪಕ್ಕದ್ದು ಎದೆಮಟ್ಟ. ಸೂಲಂಗಿ ಒಂದೇ ವಾರದಲ್ಲಿ ಬರುವ ಬದಲು ಎಳೆದಾಡುತ್ತದೆ. ಅಲ್ಲಲ್ಲಿ ತೆನೆಯೇ ಕಟ್ಟದ ಬರಡು ಗಿಡ. ಇದನ್ನು ನೋಡಿ ಗೊಬ್ಬರ ಸಾಲಲಿಲ್ಲ ಅಂತ ಯೂರಿಯಾ ಹಾಕುವವರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ.

ದನದ ಮೇವಿಗೋ, ತಿನ್ನುವ ಎಳೆ ತೆನೆಗೋ ಜೋಳ ಬೆಳೆಯುವವರು, ಬಾವಿ ನೀರಿಲ್ಲದ ಕಡಿಮೆ ಗೊಬ್ಬರದ ಹೊಲದವರು ಹಲವು ಸಾಲುಗಳನ್ನು ಬೆರೆಸಿ ಮಾಡಿದ ಮುಕ್ತ ಪರಾಗಸ್ಪರ್ಶದ ಕಾಂಪೋಸಿಟ್ ತಳಿ ಇಟ್ಟುಕೊಳ್ಳಬಹುದು. ಅಲ್ಲೂ ಎರಡು ಒಳ್ಳೆಯ ತೆನೆಯಿಂದ ಬೀಜ ಮಾಡಬೇಡಿ. ಹೊಲದ ನಡುವಿನಿಂದ ಕನಿಷ್ಠ ನೂರು ಗಿಡದ ತೆನೆ ತೆಗೆದು, ಒಂದೊಂದರಿಂದಲೂ ಸಮವಾಗಿ ಕಾಳು ಬೆರೆಸಿ. ಕಡಿಮೆ ಗಿಡದಿಂದ ತೆಗೆದರೆ ನೆಂಟರಲ್ಲೇ ಮದುವೆ ಆದ ಹಾಗಾಗಿ ವರ್ಷ ವರ್ಷ ಕಸುವು ಇಳಿಯುತ್ತದೆ.

ಜೇನ್ನೊಣ ಬರುವ ಬೆಳೆಗಳು

ಬದನೆ, ಮೆಣಸಿನಕಾಯಿ ನಡುವಿನವು. ತಾವೇ ಕಾಯಿ ಕಟ್ಟುತ್ತವೆ, ಆದರೆ ನೊಣ ಬಂದರೆ ಬೆರೆಯುತ್ತವೆ. ಬ್ಯಾಡಗಿ ಕಡ್ಡಿ, ಬ್ಯಾಡಗಿ ಡಬ್ಬಿ ಇಂದಿಗೂ ರೈತರು ಬೀಜ ಎತ್ತಿಟ್ಟು ನಡೆಸುತ್ತಿರುವ ತಳಿಗಳು. ಪಕ್ಕದಲ್ಲಿ ಹೈಬ್ರಿಡ್ ಮೆಣಸಿನಕಾಯಿ ಬಂದರೆ ಅವುಗಳ ಬಣ್ಣ, ಸುಕ್ಕು ಕೆಡಲು ಎರಡು ಮೂರು ವರ್ಷ ಸಾಕು. ನಾಲ್ಕೈದು ಗಿಡಗಳಿಗೆ ಹೂ ಬಿಡುವ ಮೊದಲೇ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಆಗಾಗ ಗಿಡ ಅಲ್ಲಾಡಿಸಿ. ಒಳಗೆ ಕಟ್ಟಿದ ಕಾಯಿ ಬೀಜಕ್ಕೆ.

ಕುಂಬಳಕ್ಕೆ ಪರದೆ ಹಾಕಿದರೆ ಕಾಯಿಯೇ ಆಗುವುದಿಲ್ಲ, ನೀವೇ ಕೂಡಿಸಬೇಕು. ನಾಳೆ ಅರಳುವ ಮೊಗ್ಗಿನ ತುದಿ ಸಂಜೆಗೇ ಹಳದಿ ಆಗಿರುತ್ತದೆ. ಬುಡದಲ್ಲಿ ಮರಿಗಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟಾದರೆ ಗಂಡು. ಒಂದು ಹೆಣ್ಣು, ಬೇರೆ ಬಳ್ಳಿಯ ಎರಡು ಗಂಡು ಮೊಗ್ಗಿನ ತುದಿಗೆ ದಾರ ಕಟ್ಟಿ. ಬೆಳಗ್ಗೆ ಬೇಗ ಹೋಗಿ ಗಂಡು ಹೂವು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಒಳಗೆ ಪರಾಗ ಸವರಿ ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ಬಟ್ಟೆ ಕಟ್ಟದಿದ್ದರೆ ಯಾವ ಕಾಯಿ ಅಂತ ಆಮೇಲೆ ಗೊತ್ತಾಗುವುದಿಲ್ಲ. ಸೋರೆ, ಹೀರೆ ಹೂವು ಸಂಜೆ ಅರಳುತ್ತವೆ, ಅವಕ್ಕೆ ಸಂಜೆಯೇ ಮಾಡಬೇಕು. ಸೋರೆ, ಸೌತೆಯಲ್ಲಿ ಕಹಿ ಕಾಯಿ ಬಿಟ್ಟ ಬಳ್ಳಿಯ ಬೀಜ ಯಾವ ಕಾರಣಕ್ಕೂ ಇಡಬೇಡಿ. ಕಹಿ ಸೋರೆಯ ರಸ ವಿಷ, ಆ ಗುಣ ಬೀಜದಲ್ಲಿ ಮುಂದುವರಿಯುತ್ತದೆ.

ಎತ್ತಿಟ್ಟ ಬೀಜ ಉಳಿಯಬೇಕಾದರೆ

ಬೀಜ ಕೆಡುವುದು ಹೆಚ್ಚಾಗಿ ತೇವದಿಂದ. ತೇವಾಂಶ ನೂರಕ್ಕೆ ಒಂದು ಇಳಿದರೆ ಬೀಜದ ಆಯುಸ್ಸು ಸುಮಾರು ಎರಡು ಪಟ್ಟು ಆಗುತ್ತದೆ ಅನ್ನುವುದು ಬೀಜ ಶಾಸ್ತ್ರದ ಹಳೆಯ ಲೆಕ್ಕ. ರಾಗಿ 12ಕ್ಕೆ, ಅವರೆ 9ಕ್ಕೆ, ಟೊಮೆಟೊ 8ಕ್ಕೆ ಇಳಿಯಬೇಕು. ಮೀಟರ್ ಇಲ್ಲದಿದ್ದರೆ ಅವರೆ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಿ. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ, ಟಕ್ ಅಂತ ಒಡೆದರೆ ಒಣಗಿದೆ. ಬಿಸಿಲಿನಿಂದ ತಂದದ್ದನ್ನು ಬಿಸಿಯಾಗಿಯೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರುತ್ತದೆ.

ರಾಗಿಗೆ ಹುಳು ಬರುವುದಿಲ್ಲ ಅನ್ನಬಹುದು. ಅವರೆಯದ್ದೇ ಕಷ್ಟ. ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ಆಮೇಲೆ ಚೀಲದಲ್ಲಿ ಎದ್ದು ಬರುತ್ತದೆ. ಚೆನ್ನಾಗಿ ಒಣಗಿಸಿದ ಮೇಲೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ ಮುಚ್ಚಿಡಿ. ಕೆಮ್ಮಣ್ಣು ಕಟ್ಟಿ ಒಣಗಿಸುವ ಹಳೆಯ ರೂಢಿಯೂ ಕೆಲಸ ಮಾಡುತ್ತದೆ. ಡಬ್ಬಿಯ ಮೇಲೆ ತಳಿಯ ಹೆಸರು, ವರ್ಷ ಬರೆಯಲು ಮರೆಯಬೇಡಿ.

ಬಿತ್ತುವ ಹದಿನೈದು ದಿನ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಆರಿಸಿ ಎಣಿಸಬೇಡಿ, ಕೈಗೆ ಸಿಕ್ಕಿದ್ದು ಸಿಕ್ಕಂತೆ ತೆಗೆದುಕೊಳ್ಳಿ. ರಾಗಿಯನ್ನು ಎಂಟನೆಯ ದಿನ ನೋಡಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ 75 ಮೊಳೆಯಬೇಕು. ನಿಮ್ಮದು 60 ಬಂದರೆ 5 ಕೆಜಿ ಬದಲು ಆರೂ ಕಾಲು ಕೆಜಿ ಬಿತ್ತಿದರೆ ಆಯಿತು. ನಲವತ್ತಕ್ಕೂ ಕೆಳಗೆ ಹೋದರೆ ಮೊಳೆತವೂ ಬಲವಾಗಿ ಬರುವುದಿಲ್ಲ. ಆ ವರ್ಷ ಹೊಸ ಬೀಜ ತನ್ನಿ, ಅದಕ್ಕೆ ಇನ್ನೂ ಸಮಯ ಇರುತ್ತದೆ.

ಕಾನೂನು ಏನು ಹೇಳುತ್ತದೆ

ಬೀಜ ಎತ್ತಿಡುವುದು ಅಪರಾಧ ಅಂತ ಹೆದರಿಸುವವರಿದ್ದಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ನೋಡಿ. ರೈತರು ತಾವು ಬೆಳೆದ ಬೀಜವನ್ನು ಎತ್ತಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಅದಲು ಬದಲು ಮಾಡಬಹುದು, ಮಾರಲೂಬಹುದು. ಈ ಕಾಯ್ದೆಯಡಿ ನೋಂದಾಯಿಸಿದ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ನಾಲ್ಕು ಗುಂಟೆಯ ರಾಗಿ ಬೀಜವನ್ನು ನೆರೆಯವರಿಗೆ ಕೊಡಲು ಯಾರ ಅಪ್ಪಣೆಯೂ ಬೇಡ.

ಕೊಂಡ ಬೀಜಕ್ಕೂ ಅದೇ ಕಾಯ್ದೆಯಲ್ಲಿ ರಕ್ಷಣೆ ಇದೆ. ಸಂರಕ್ಷಿತ ತಳಿಯ ಬೀಜವನ್ನು ಮಾರುವಾಗ ಹೇಳಿದ ಇಳುವರಿ ಬರದಿದ್ದರೆ ಪರಿಹಾರ ಕೇಳಬಹುದು. ಆದರೆ ಕೇಳಲು ಕೈಯಲ್ಲಿ ದಾಖಲೆ ಇರಬೇಕು. ಟೊಮೆಟೊ, ಜೋಳದ ಬೀಜ ತಂದಾಗ ಬಿಲ್ ತೆಗೆದುಕೊಳ್ಳಿ, ಲಾಟ್ ನಂಬರ್ ಬಿಲ್‌ನಲ್ಲೂ ಪ್ಯಾಕೆಟ್‌ನಲ್ಲೂ ಒಂದೇ ಇದೆಯಾ ನೋಡಿ. ಪರೀಕ್ಷೆ ಮಾಡಿದ ದಿನಾಂಕ ಹಳೆಯದಾಗಿದ್ದರೆ ವಾಪಸ್ ಕೊಡಿ. ಪ್ಯಾಕೆಟ್ ಅನ್ನು ಮೇಲ್ಭಾಗ ಮಾತ್ರ ಕತ್ತರಿಸಿ ತೆರೆದು, ಒಂದಿಷ್ಟು ಬೀಜ ಒಳಗೇ ಬಿಟ್ಟು, ಬಿಲ್ ಜೊತೆ ಪಿನ್ ಮಾಡಿ ಬೆಳೆ ಮುಗಿಯುವವರೆಗೆ ಇಡಿ. ಸಸಿಯನ್ನೇ ಕೊಳ್ಳುವವರು ನರ್ಸರಿಯವರಿಂದ ತಳಿಯ ಹೆಸರು, ಲಾಟ್ ನಂಬರ್ ಎರಡನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಬರೆದುಕೊಡುವುದಿಲ್ಲ ಅನ್ನುವ ನರ್ಸರಿಯಿಂದ ಸಸಿ ತರಬೇಡಿ.